ಮ್ಯಾನೇಜರಿಗೆ ಏನು ಕಾಣುತ್ತದೆ?

"ನೀವು ಹೇಳಿದ್ದೆಲ್ಲ ನೂರಕ್ಕೆ ನೂರು ಗೌಪ್ಯ" ಎಂದು ನೋಟಿಸ್ ಹಚ್ಚಿದ ಮೇಲೂ ಕಂಪನಿಯ ಆಪ್ತಸಮಾಲೋಚಕರ ಬಳಿ ಯಾರೂ ಹೋಗದಿದ್ದರೆ, "ನಮ್ಮವರಿಗೆ ಇನ್ನೂ ಸಂಕೋಚ ಬಿಟ್ಟಿಲ್ಲ" ಎನ್ನುತ್ತಾರೆ ಎಚ್‌ಆರ್‌ನವರು. ವರ್ಷಗಟ್ಟಲೆ ಅದೇ ಕುರ್ಚಿಯಲ್ಲಿ ಕೂತ ನನಗೆ ಅದು ಸಂಕೋಚಕ್ಕಿಂತ ಹೆಚ್ಚಾಗಿ ಲೆಕ್ಕಾಚಾರ ಅನ್ನಿಸುತ್ತದೆ. ಇನ್‌ಕ್ರಿಮೆಂಟು ಕೊಡುವವರೇ ಸಮಾಲೋಚಕರ ಬಿಲ್ಲನ್ನೂ ಕಟ್ಟುತ್ತಾರೆ. ಹಾಗಿರುವಾಗ ಆ ಬಿಲ್ಲಿನ ಜೊತೆ ಇನ್ನೇನು ಬರುತ್ತದೆ ಎಂಬ ಅನುಮಾನ ಸಹಜವೇ.

ಬರುವುದು ಒಂದು ವರದಿ. ಅದರಲ್ಲಿ ಹೆಸರಿರುವುದಿಲ್ಲ, ನಿಜ. ಆದರೆ "ಅಕೌಂಟ್ಸ್, ಮಹಿಳೆ, 30ರಿಂದ 40 ವರ್ಷ, ದಾಂಪತ್ಯದ ಸಮಸ್ಯೆ: 1" ಎಂದಿದೆ ಅಂದುಕೊಳ್ಳಿ. ಅಕೌಂಟ್ಸಿನಲ್ಲಿ ಇರುವುದೇ ಆರು ಜನ, ಹೆಂಗಸರು ಇಬ್ಬರು, ಒಬ್ಬರಿಗೆ 52 ದಾಟಿದೆ. ಇನ್ನು ಹೆಸರು ಯಾಕೆ ಬೇಕು? ಆ ಒಂದು ಸಾಲು ಅಳಿಸಿದರೂ ಸಾಲದು. ಒಟ್ಟು 14 ಎಂದು ಕೊಟ್ಟು, ಉಳಿದ ವಿಭಾಗಗಳಿಂದ 13 ಎಂದು ತೋರಿಸಿದರೆ, ಕಳೆಯುವ ಲೆಕ್ಕ ಯಾರಿಗೆ ಬರುವುದಿಲ್ಲ? ಆದ್ದರಿಂದ ಸಣ್ಣ ಕಂಪನಿಗಳು ವಿಭಾಗ, ವಯಸ್ಸು, ಸಮಸ್ಯೆ ಯಾವುದನ್ನೂ ಕೇಳದೆ ಮೂರು ತಿಂಗಳಿಗೊಮ್ಮೆ ಒಟ್ಟು ಸಂಖ್ಯೆಯೊಂದನ್ನೇ ಪಡೆಯಬೇಕು. ಅದೂ ಹತ್ತಕ್ಕಿಂತ ಕಡಿಮೆ ಇದ್ದರೆ "10ಕ್ಕಿಂತ ಕಡಿಮೆ" ಎಂದಷ್ಟೇ. ಬಿಲ್ಲೂ ಹಾಗೆಯೇ: ಎಂಪ್ಲಾಯಿ ಕೋಡ್ ನಮೂದಿಸಿದ ಬಿಲ್ಲು ಅಕೌಂಟ್ಸಿನ ಮೇಜಿಗೆ ಬಂದ ದಿನ ಗುಟ್ಟು ಮುಗಿಯಿತು. (ಸಮಾಲೋಚನೆಯ ಕೋಣೆಯನ್ನು ಎಚ್‌ಆರ್ ಕ್ಯಾಬಿನ್ನಿನ ಎದುರಿಗೇ ಇಟ್ಟವರೂ ಇದ್ದಾರೆ!)

"ನೂರಕ್ಕೆ ನೂರು" ಎಂಬ ಮಾತಂತೂ ಸುಳ್ಳು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಮು ಚಿಕಿತ್ಸೆ ಪಡೆಯುವವರಿಗೆ ಗೌಪ್ಯತೆಯ ಹಕ್ಕು ಕೊಡುವಾಗಲೇ ಕೆಲವು ವಿನಾಯಿತಿಗಳನ್ನೂ ಹೇಳುತ್ತದೆ: ಜೀವಕ್ಕೆ ಅಪಾಯವಿದ್ದಾಗ, ಇನ್ನೊಬ್ಬರಿಗೆ ಹಾನಿಯಾಗುವಂತಿದ್ದಾಗ, ನ್ಯಾಯಾಲಯ ಆದೇಶಿಸಿದಾಗ. ಸಮಾಲೋಚಕರು ಇದನ್ನು ಮೊದಲ ಭೇಟಿಯಲ್ಲೇ ಹೇಳುತ್ತಾರೆ. ನೋಟಿಸ್ ನಂಬಿ ಹೋದವನಿಗೆ ಅಲ್ಲೇ ಎದೆ ಧಸಕ್ಕೆನ್ನುತ್ತದೆ. ಅದರ ಬದಲು ನೋಟಿಸಿನಲ್ಲೇ ಬರೆಯಬಹುದಲ್ಲ: "ಜೀವಕ್ಕೆ ಅಪಾಯವಿದ್ದರೆ ನೀವು ಹೆಸರಿಸಿದ ಆಪ್ತರಿಗೋ ಆಸ್ಪತ್ರೆಗೋ ತಿಳಿಸುತ್ತಾರೆ, ನಿಮ್ಮ ಮ್ಯಾನೇಜರಿಗಲ್ಲ." ಬರೆಯುವ ಮುಂಚೆ ಸಮಾಲೋಚನಾ ಸಂಸ್ಥೆಯ ಜೊತೆಗಿನ ಕರಾರಿನಲ್ಲೂ ಆ ಮಾತು ಇರಬೇಕು, ಇಲ್ಲದಿದ್ದರೆ ಅದು ಬರೀ ಭರವಸೆ.

ನನ್ನ ಕೇಳಿದರೆ, ನೋಟಿಸಿನ ಕೆಳಗೆ ಆ ವರದಿಯ ಖಾಲಿ ನಮೂನೆಯನ್ನೇ ಅಂಟಿಸಿ. ಮ್ಯಾನೇಜರಿಗೆ ಕಾಣುವುದು ಇಷ್ಟೇ ಎಂದು ಪ್ರತಿಯೊಬ್ಬರೂ ಕಣ್ಣಾರೆ ನೋಡಲಿ. ಆಫೀಸಿನ ಇಮೇಲ್ ಬೇಡದೆ, ಸ್ವಂತ ಫೋನಿನಿಂದಲೇ ಸಮಯ ಗೊತ್ತುಮಾಡಿಕೊಳ್ಳುವಂತಿರಲಿ. ಇಷ್ಟಾದರೂ ನಂಬದವರು ಇದ್ದೇ ಇರುತ್ತಾರೆ, ಅವರನ್ನು ದೂರಬೇಡಿ. ಅದೇ ಹಾಳೆಯಲ್ಲಿ ಸರ್ಕಾರದ ಟೆಲಿ ಮನಸ್ ಸಂಖ್ಯೆ 14416 ಕೊಡಿ. ಅದು ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಅದರ ಬಿಲ್ಲು ನಿಮ್ಮ ಕಂಪನಿಗೆ ಬರುವುದಿಲ್ಲ.