ಇಂದಿನ ಧಮ್ಮ ಚಿಂತನೆ: ಮಗುವಿಗಾಗಿ ಕಾಯುತ್ತಿರುವವರಿಗೆ




ಮದುವೆಯಾಗಿ ವರ್ಷಗಳು ಕಳೆದರೂ ಮಗುವಾಗದ ದಂಪತಿಗೆ ನೆಂಟರ ಮನೆಯ ಸೀಮಂತಕ್ಕೆ ಹೋಗುವುದೇ ಕಷ್ಟ. "ಇನ್ನೂ ಏನೂ ವಿಶೇಷ ಇಲ್ವಾ?" ಎಂದು ಒಬ್ಬರು ಕೇಳುತ್ತಾರೆ. "ಯಾವ ಜನ್ಮದ ಕರ್ಮವೋ" ಎಂದು ಇನ್ನೊಬ್ಬರು ನಿಟ್ಟುಸಿರು ಬಿಡುತ್ತಾರೆ. ಈ ಎರಡನೆಯ ಮಾತು ಹೆಚ್ಚು ನೋಯಿಸುತ್ತದೆ.

ಬುದ್ಧರು ಹಾಗೆ ಹೇಳಲಿಲ್ಲ. ಮನುಷ್ಯ ಅನುಭವಿಸುವುದೆಲ್ಲ ಹಿಂದಿನ ಕರ್ಮದ ಫಲವೇ ಎಂಬ ಪ್ರಶ್ನೆಯನ್ನು ಸೀವಕನೆಂಬ ಪರಿವ್ರಾಜಕ ಅವರ ಮುಂದಿಟ್ಟದ್ದು ಸಂಯುತ್ತ ನಿಕಾಯದಲ್ಲಿದೆ. ಬುದ್ಧರು ಅದನ್ನು ಒಪ್ಪಲಿಲ್ಲ. ಪಿತ್ತ, ಕಫ, ವಾತ, ಋತುಗಳ ಬದಲಾವಣೆ ಮುಂತಾಗಿ 8 ಕಾರಣಗಳನ್ನು ಎಣಿಸಿದರು. ಕರ್ಮಫಲ ಅವುಗಳಲ್ಲಿ ಒಂದು ಮಾತ್ರ. ಎಲ್ಲಕ್ಕೂ ಕರ್ಮವೇ ಕಾರಣ ಎನ್ನುವುದು ತಪ್ಪು ಎಂದರು.

ಗರ್ಭ ನಿಲ್ಲದಿರಲು ಕಾರಣ ಹೆಂಡತಿಯ ದೇಹದಲ್ಲಿರಬಹುದು, ಗಂಡನ ದೇಹದಲ್ಲಿರಬಹುದು, ಇಬ್ಬರಲ್ಲೂ ಇರಬಹುದು. ಎಲ್ಲ ಪರೀಕ್ಷೆಗಳಾದ ಮೇಲೂ ತಿಳಿಯದೇ ಹೋಗಬಹುದು. ಕಾರಣ ಬೇರೆ, ತಪ್ಪು ಬೇರೆ.

ಮಗು ಆಗೇ ಆಗುತ್ತದೆ ಎಂದು ನಾವು ಹೇಳಲಾರೆವು. ಬಯಸಿದ್ದು ಸಿಗದಿರುವುದೂ ದುಃಖವೇ ಎಂದು ಬುದ್ಧರು ತಮ್ಮ ಮೊದಲ ಉಪದೇಶದಲ್ಲೇ ಹೇಳಿದರು. ಆದ್ದರಿಂದ ಅಳು ಬಂದರೆ ಅದು ನಿಮ್ಮ ಸಾಧನೆಯ ಕೊರತೆಯಲ್ಲ. ಇವತ್ತು ಸಂಜೆ ಇಬ್ಬರೂ ಹತ್ತು ನಿಮಿಷ ಜೊತೆಗೆ ಕೂತು, "ಇದರಲ್ಲಿ ನಮ್ಮಿಬ್ಬರ ತಪ್ಪೂ ಇಲ್ಲ" ಎಂದು ಹೇಳಿಕೊಳ್ಳಿ.

ಉಳಿದ ನಾವು, ಮುಂದಿನ ಸೀಮಂತದಲ್ಲಿ ಏನೂ ಕೇಳದೆ ಅವರಿಗೆ ಪಕ್ಕದಲ್ಲಿ ಜಾಗ ಮಾಡಿಕೊಡೋಣ.

ಎಲ್ಲರಿಗೂ ಮಂಗಳವಾಗಲಿ.