ಎದುರಿಗಿಲ್ಲದವರ ಬಗ್ಗೆ ಎರಡು ಸಾಲು

ಕೆಲವು ವರ್ಷಗಳ ಹಿಂದೆ ನಮ್ಮ ಸಣ್ಣ ಸಂಸ್ಥೆಗೆ ಲೆಕ್ಕಪತ್ರ ನೋಡಿಕೊಳ್ಳುವವರೊಬ್ಬರು ಬೇಕಾಗಿದ್ದರು. ಸಂದರ್ಶನ ಮಾಡುವುದು ನನ್ನ ಪಾಲಿನ ಕೆಲಸ, ತೀರ್ಮಾನ ಕಾರ್ಯದರ್ಶಿಗಳದು. ಅವರು ಅಭ್ಯರ್ಥಿಗಳ ಮುಖ ನೋಡುವುದಿಲ್ಲ, ನಾನು ಬರೆದುಕೊಟ್ಟದ್ದನ್ನು ಓದುತ್ತಾರೆ. ಆ ದಿನ ಆರು ಜನ ಬಂದಿದ್ದರು. ಸಂಜೆ ಎಲ್ಲರೂ ಹೋದ ಮೇಲೆ ಟಿಪ್ಪಣಿ ಬರೆಯಲು ಕೂತೆ. ನಾಲ್ಕನೆಯವರಾಗಿ ಬಂದಿದ್ದ ಯುವತಿಯ ಹೆಸರಿನ ಮುಂದೆ ಹೀಗೆ ಬರೆದೆ: 'ಆತ್ಮವಿಶ್ವಾಸ ಕಡಿಮೆ. ಅಷ್ಟು ಚುರುಕಿಲ್ಲ. ಪರಿಗಣಿಸಬಹುದು.' ಕೆಲಸ ಬೇರೊಬ್ಬರಿಗೆ ಸಿಕ್ಕಿತು.

ತಿಂಗಳುಗಳ ನಂತರ ಆ ಕಡತದಲ್ಲಿ ಬೇರೇನನ್ನೋ ಹುಡುಕುವಾಗ ಆಕೆ ಲೆಕ್ಕ ಮಾಡಿದ್ದ ಹಾಳೆ ಸಿಕ್ಕಿತು. ಎಲ್ಲರಿಗೂ ನಾನು ಕೇಳಿದ್ದ ಪ್ರಶ್ನೆ ಒಂದೇ. ನಮ್ಮ ಪುಸ್ತಕದ ಪ್ರಕಾರ ಬ್ಯಾಂಕಿನಲ್ಲಿ 84,500 ರೂಪಾಯಿ ಇರಬೇಕು. ಬ್ಯಾಂಕಿನವರ ಪಟ್ಟಿಯಲ್ಲಿ 97,000 ಇದೆ. ಏನು ನೋಡುತ್ತೀರಿ? ಆಕೆ ತುಂಬ ಹೊತ್ತು ಸುಮ್ಮನಿದ್ದದ್ದು ನನಗೆ ನೆನಪಿತ್ತು. ಆ ಮೌನದ ನಂತರ ನಡೆದದ್ದು ಮರೆತಿತ್ತು. ಹಾಳೆ ನೋಡಿದಾಗ ಅದೂ ನೆನಪಾಯಿತು. 'ನಾವು ಕೊಟ್ಟ ಚೆಕ್ ಯಾವುದಾದರೂ ಇನ್ನೂ ಪಾಸಾಗಿಲ್ಲವಾ ಸರ್?' ಎಂದು ಕೇಳಿದ್ದರು. 15,000ದ ಒಂದು ಚೆಕ್ ಬಾಕಿ ಇದೆ ಎಂದಿದ್ದೆ. ಹಾಳೆಯಲ್ಲಿ 84,500ಕ್ಕೆ 15,000 ಕೂಡಿಸಿ 99,500 ಎಂದು ಬರೆದು, ಕೆಳಗೆ '2,500 ಇನ್ನೂ ಕಡಿಮೆ. ನಾವು ಜಮಾ ಮಾಡಿದ ಚೆಕ್? ಬ್ಯಾಂಕ್ ಶುಲ್ಕ?' ಎಂದು ಗುರುತು ಹಾಕಿದ್ದರು. ಆ ಕೆಲಸಕ್ಕೆ ಬೇಕಾಗಿದ್ದ ಮನಸ್ಸು ಅದೇ: ಒಂದು ಕಾರಣ ಸಿಕ್ಕ ಕೂಡಲೇ ನಿಲ್ಲದೆ ಉಳಿದ ವ್ಯತ್ಯಾಸವನ್ನು ಹುಡುಕುವುದು.

ನಾನು ಸುಳ್ಳು ಬರೆದಿರಲಿಲ್ಲ. ನನಗೆ ಅನಿಸಿದ್ದನ್ನೇ ಬರೆದಿದ್ದೆ. ತಪ್ಪು ನಡೆದದ್ದೂ ಅಲ್ಲಿಯೇ. ಸಣ್ಣ ದನಿ, ತಡೆದು ಮಾತಾಡುವ ರೀತಿ ಇವುಗಳಿಂದ ನನ್ನೊಳಗೆ ಒಂದು ಚಿತ್ರ ಮೂಡಿತ್ತು. ಅದು ಲೆಕ್ಕದ ಮೇಲೂ ಹರಡಿಕೊಂಡಿತು. ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳಲ್ಲಿ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಇದನ್ನು ಗುರುತಿಸಿದ್ದ. ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಬೇರೆ ಬೇರೆ ಗುಣಗಳಾದರೂ ಅಂಕಗಳು ಅನುಮಾನ ಬರುವಷ್ಟು ಒಟ್ಟೊಟ್ಟಿಗೆ ಏರಿಳಿದಿದ್ದವು.

ಕಾರ್ಯದರ್ಶಿಗಳಿಗೆ ನನ್ನ ತಪ್ಪನ್ನು ಹಿಡಿಯಲು ದಾರಿಯೇ ಇರಲಿಲ್ಲ. 'ಚುರುಕಿಲ್ಲ' ಎಂಬುದನ್ನು ಓದಿದವರು ಅದನ್ನು ಒಪ್ಪಬೇಕು, ಇಲ್ಲವೇ ನನ್ನನ್ನು ನಂಬಬಾರದು. ತೂಗಿ ನೋಡಲು ಅದರಲ್ಲಿ ಏನೂ ಇಲ್ಲ. 'ಪ್ರಶ್ನೆ ಕೇಳಿ ಸುಮಾರು ಒಂದು ನಿಮಿಷ ಸುಮ್ಮನಿದ್ದರು. ನಂತರ ಎರಡೂ ಕಾರಣಗಳನ್ನು ತಾವೇ ಕೇಳಿದರು' ಎಂದು ಬರೆದಿದ್ದರೆ ಅವರು ತಮ್ಮದೇ ತೀರ್ಮಾನಕ್ಕೆ ಬರಬಹುದಿತ್ತು. ತಡವಾಗಿ ಬರೆದದ್ದೂ ಕೆಡಿಸಿತು. ಐದನೆಯವರು, ಆರನೆಯವರು ಚೆನ್ನಾಗಿ ಮಾತಾಡಿದರು. ಸಂಜೆಯ ಹೊತ್ತಿಗೆ ನಾಲ್ಕನೆಯವರಲ್ಲಿ ಉಳಿದದ್ದು ಮೌನ ಮಾತ್ರ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಕೊನೆಯ ಪದ, 'ಪರಿಗಣಿಸಬಹುದು'. ಅದನ್ನು ಔದಾರ್ಯ ಎಂದುಕೊಂಡಿದ್ದೆ. ಈಗ ನೋಡಿದರೆ ಅದು ಜಾರಿಕೊಳ್ಳುವ ಮಾತು. ತೆಗೆದುಕೊಂಡು ಕೆಟ್ಟರೂ, ಬಿಟ್ಟು ಕೆಟ್ಟರೂ ನಾನು ಹೇಳಿದ್ದು ಸರಿ ಎನಿಸುವ ಮಾತು. ಶಿಫಾರಸು ಎಂದರೆ ನಾಳೆ ನನ್ನ ಮಾತು ತಪ್ಪೆಂದು ಕಾಣಬಹುದಾದ ಜಾಗದಲ್ಲಿ ನಿಲ್ಲುವುದು.

ಈಗ ಒಬ್ಬರು ಎದ್ದುಹೋದ ಮೇಲೆ ಹದಿನೈದು ನಿಮಿಷ ಬಿಡುವಿಟ್ಟುಕೊಂಡು ಬರೆಯುತ್ತೇನೆ. ಮೊದಲು ಕಂಡದ್ದು, ಕೇಳಿದ್ದು. ಅದರ ಕೆಳಗೆ, ಬೇರೆಯಾಗಿ, ನನಗೆ ಅನಿಸಿದ್ದು. ಆಕೆಯ ಟಿಪ್ಪಣಿಯನ್ನು ಹೀಗೆ ಬರೆಯಬೇಕಿತ್ತು: 'ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. ಕಾರಣ, ಬ್ಯಾಂಕ್ ತಾಳೆಯ ಲೆಕ್ಕದಲ್ಲಿ ಉಳಿದ 2,500ರ ವ್ಯತ್ಯಾಸವನ್ನು ತಾವೇ ಹಿಡಿದರು. ಟ್ಯಾಲಿಯಲ್ಲಿ ಕೆಲಸ ಮಾಡಿಲ್ಲ ಎಂದರು. ಬೇಗ ಕಲಿಯುತ್ತಾರೋ ಇಲ್ಲವೋ ಎಂಬುದನ್ನು ನಾನು ಪರೀಕ್ಷಿಸಿಲ್ಲ. ತಡೆದು ಮಾತಾಡುತ್ತಾರೆ, ಈ ಕೆಲಸಕ್ಕೆ ಅದು ಅಡ್ಡಿ ಎಂದು ನನಗನಿಸುವುದಿಲ್ಲ.' ಇದನ್ನು ಓದಿಯೂ ಕಾರ್ಯದರ್ಶಿಗಳು ಟ್ಯಾಲಿ ಗೊತ್ತಿದ್ದವರನ್ನೇ ಆರಿಸಿಕೊಳ್ಳಬಹುದಿತ್ತು. ಆಗ ಆಕೆಗೆ ಕೆಲಸ ತಪ್ಪುವುದಕ್ಕೆ ಒಂದು ನಿಜವಾದ ಕಾರಣವಾದರೂ ಇರುತ್ತಿತ್ತು.

ಬರೆದು ಮುಗಿಸಿದ ಮೇಲೆ ಟಿಪ್ಪಣಿಯನ್ನು ಇನ್ನೊಮ್ಮೆ, ಆ ಅಭ್ಯರ್ಥಿ ಎದುರಿನ ಕುರ್ಚಿಯಲ್ಲಿ ಇನ್ನೂ ಕೂತಿದ್ದಾರೆ ಎಂದುಕೊಂಡು ಓದುತ್ತೇನೆ. 'ಹಾಗೆ ನಾನು ಯಾವಾಗ ಮಾಡಿದೆ ಸರ್?' ಎಂದು ಅವರು ಕೇಳಿದರೆ ತೋರಿಸಲು ನನ್ನ ಬಳಿ ಏನೂ ಇಲ್ಲದ ಸಾಲುಗಳನ್ನು ಹೊಡೆದುಹಾಕುತ್ತೇನೆ. ಆ ಹಾಳೆ ಮಾತ್ರ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಅದರ ಮೇಲೆ ಫೋನ್ ನಂಬರ್ ಇದೆ. ಏನೆಂದು ಹೇಳಬೇಕೋ ತಿಳಿಯದೆ ಇಂದಿಗೂ ಕರೆ ಮಾಡಿಲ್ಲ.