ರೆಕ್ಕೆಯ ತುದಿಯ ಜೊತೆ ಹೋದ ಕೇರಿ

ಹೋದ ವರ್ಷ ನವೆಂಬರಿನಲ್ಲಿ ಊರಿಗೆ ಹೋದಾಗ ಡ್ರೋನ್ ಒಯ್ದಿದ್ದೆ. ಬಹಳ ವರ್ಷಗಳ ಮೇಲೆ ಕೆರೆ ಕೋಡಿ ಬಿದ್ದಿತ್ತು. ನಾವು ಓದಿದ ಶಾಲೆಗೂ ಐವತ್ತು ತುಂಬುತ್ತಿತ್ತು. ಇಡೀ ಊರು ಕಾಣುವ ಹಾಗೆ ಮೇಲಿಂದ ಒಂದು ಫೋಟೋ ತೆಗೆದು, ಕಟ್ಟು ಹಾಕಿಸಿ ಹೆಡ್ ಮಾಸ್ಟರ್ ರೂಮಿಗೆ ಕೊಡೋಣ ಅಂತ ನಮ್ಮ ಬ್ಯಾಚಿನವರು ಮಾತಾಡಿಕೊಂಡೆವು. ಡ್ರೋನ್ ಇದ್ದದ್ದು ನನ್ನ ಹತ್ತಿರ ಒಬ್ಬನ ಹತ್ತಿರವೇ, ಹಾಗಾಗಿ ಕೆಲಸ ನನ್ನ ತಲೆಗೆ ಬಂತು.

ಸಂಜೆ ನಾಲ್ಕರ ಹೊತ್ತಿಗೆ ಹಾರಿಸಿದೆ. ಸುಮಾರು 60 ಮೀಟರ್ ಎತ್ತರ, ಮುಖ ಪೂರ್ವಕ್ಕೆ, ಕ್ಯಾಮೆರಾ ಹತ್ತು ಡಿಗ್ರಿಯಷ್ಟು ಕೆಳಕ್ಕೆ. ಸೂರ್ಯ ಬೆನ್ನಿಗಿದ್ದ, ಬೆಳಕು ಚೆನ್ನಾಗಿತ್ತು. ಆದರೆ ಎದುರುಗಾಳಿ ಜೋರಿತ್ತು. ರಾತ್ರಿ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದರೆ, ಮೇಲಿನ ಎರಡೂ ಮೂಲೆಗಳಲ್ಲಿ ಮಸಿ ಒರೆಸಿದ ಹಾಗೆ ಓರೆಯಾದ ಕಪ್ಪು ಕಲೆ. ಪ್ರೊಪೆಲರಿನ ತುದಿಗಳು! ಬಿಸಿಲಲ್ಲಿ ಫೋನಿನ ಪುಟ್ಟ ಪರದೆ ನೋಡುವಾಗ ಗೊತ್ತೇ ಆಗಿರಲಿಲ್ಲ.

ಇದು ಯಾಕಾಗುತ್ತೆ ಅಂದರೆ, ಗಾಳಿಯಲ್ಲಿ ಒಂದೇ ಕಡೆ ನಿಲ್ಲಬೇಕಾದರೆ ಡ್ರೋನ್ ಗಾಳಿಯ ಕಡೆಗೆ ವಾಲಲೇಬೇಕು. ಎದುರುಗಾಳಿಯಾದರೆ ಮೂತಿ ಕೆಳಗಾಗುತ್ತೆ. ಕ್ಯಾಮೆರಾ ಹಿಡಿದಿರುವ ಗಿಂಬಲ್ ಮಾತ್ರ ದಿಗಂತಕ್ಕೆ ಲೆಕ್ಕ ಇಟ್ಟುಕೊಂಡು ಅಲ್ಲಾಡದೆ ಇರುತ್ತೆ. ದೇಹ ಬಾಗಿತು, ಕಣ್ಣು ಬಾಗಲಿಲ್ಲ. ಮುಂದಿನ ರೆಕ್ಕೆಗಳು ಇಳಿದು ಬಂದು ಹುಬ್ಬಿನ ಹಾಗೆ ಕಣ್ಣಿಗೆ ಅಡ್ಡವಾದವು. ಅವು ಮೇಲಿನ ಮೂಲೆಯಲ್ಲೇ ಕಾಣಿಸುವುದು ಇದಕ್ಕೇ. ಸೂರ್ಯ ಎದುರಿಗಿದ್ದಿದ್ದರೆ ಇನ್ನೊಂದು ಕಾಟ ಇರುತ್ತಿತ್ತು. ರೆಕ್ಕೆಯ ನೆರಳು ಲೆನ್ಸಿನ ಮೇಲೆ ಬಿದ್ದು ಚಿತ್ರದ ಮಧ್ಯದಲ್ಲೇ ಪಟ್ಟೆ ಮೂಡಬಹುದು, ಅದನ್ನು ಅಂಚು ಕತ್ತರಿಸಿ ತೆಗೆಯಲಿಕ್ಕಾಗದು.

ನನ್ನದು ಅಂಚಿನ ಕಲೆ, ಸುಲಭ ಅಂದುಕೊಂಡೆ. ಫೋಟೋ 4000 × 3000 ಪಿಕ್ಸೆಲ್. ಕಲೆ ಮೇಲಿನಿಂದ 300 ಪಿಕ್ಸೆಲ್ ಒಳಗೆ ಮುಗಿಯುತ್ತಿತ್ತು. ಕ್ರಾಪ್ ಆಯ್ಕೆಯಲ್ಲಿ 4:3 ಅನುಪಾತಕ್ಕೆ ಬೀಗ ಹಾಕಿಯೇ ಇತ್ತು; 12 × 9 ಇಂಚಿನ ಕಟ್ಟಿಗೆ ಅದೇ ಬೇಕಿತ್ತು. ಮೇಲಂಚನ್ನು ಎಳೆದೆ, ಎಡಬಲ ತಾನಾಗಿಯೇ ಒಳಗೆ ಬಂತು. 3600 × 2700. ಕಲೆ ಮಾಯ. ಎರಡು ನಿಮಿಷದ ಕೆಲಸ, ಪ್ರಿಂಟಿಗೆ ಕಳಿಸಿ ಮಲಗಿದೆ.

ಸಮಾರಂಭದ ದಿನ ಎಲ್ಲರೂ ಫೋಟೋ ಮುಂದೆ ನಿಂತು ಅವರವರ ಮನೆ ಹುಡುಕುತ್ತಿದ್ದರು. ನನ್ನ ಜೊತೆ ಏಳನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತಿದ್ದ ಗೆಳೆಯ ಎಡಗಡೆಯ ಅಂಚಿನ ಮೇಲೆ ಬೆರಳಿಟ್ಟು ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ನಗುತ್ತಲೇ ಕೇಳಿದ: "ಲೋ, ನಮ್ ಕೇರಿ ಎಲ್ಲೋಯ್ತೋ?"

ಅವನದು ದಲಿತ ಕೇರಿ. ಕೆರೆ ಏರಿಯ ಆಚೆ ಒಂದು ಸಾಲು ಮನೆ. ಅದು ಊರಿನ ಅಂಚಿನಲ್ಲಿ ಇರುವುದು ಯಾಕೆ ಅಂತ ನಮ್ಮ ಕಡೆಯವರಿಗೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. "ಡ್ರೋನ್ ರೆಕ್ಕೆ ಬಂದಿತ್ತು ಕಣೋ, ಅದಕ್ಕೆ ಕಟ್ ಮಾಡ್ದೆ" ಅಂದೆ. ಅವನು "ಓ ಹೌದಾ" ಅಂದು ಊಟದ ಪಂಕ್ತಿಯ ಕಡೆ ಹೋದ. ನಾನು ಹೇಳಿದ್ದು ಸುಳ್ಳಲ್ಲ. ಆದರೂ ಊಟ ಸೇರಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಲೆಕ್ಕ ಹಾಕಿದೆ. ನಮ್ಮ ಕಸುಬಿನವರು ತಪ್ಪು ಒಪ್ಪಿಕೊಳ್ಳುವ ಮೊದಲು ಲೆಕ್ಕ ನೋಡುತ್ತೇವೆ! ಲೆನ್ಸ್ 24 ಮಿ.ಮೀ.ಗೆ ಸಮನಾದದ್ದು, ಅಡ್ಡಡ್ಡ ಸುಮಾರು 72 ಡಿಗ್ರಿ ಕಾಣುತ್ತೆ. ಎಡಬಲ ತಲಾ 200 ಪಿಕ್ಸೆಲ್ ಹೋದ ಮೇಲೆ ಅದು 66 ಡಿಗ್ರಿ. ಅಂದರೆ 27 ಮಿ.ಮೀ. ಲೆನ್ಸಿನಲ್ಲಿ ತೆಗೆದ ಹಾಗೆ. ಆರು ಡಿಗ್ರಿ ಏನು ಮಹಾ ಅನ್ನಿಸಬಹುದು. ಆದರೆ 300 ಮೀಟರ್ ದೂರದಲ್ಲಿ, ಅಂದರೆ ಕೇರಿ ಇರುವಷ್ಟು ದೂರದಲ್ಲಿ, ಮೊದಲು 430 ಮೀಟರ್ ಅಗಲದ ನೆಲ ಕಾಣುತ್ತಿತ್ತು. ಈಗ 390ಕ್ಕಿಂತ ತುಸು ಕಡಿಮೆ. ಒಂದೊಂದು ಬದಿಗೆ ಇಪ್ಪತ್ತೊಂದು ಮೀಟರ್ ಹೋಯಿತು. ಒಂದು ಸಾಲು ಮನೆಗೆ ಅಷ್ಟು ಸಾಕು.

ನನ್ನನ್ನು ಚುಚ್ಚಿದ್ದು ಮುಂದಿನ ಸಂಗತಿ. ರೆಕ್ಕೆ ಇದ್ದದ್ದು ಮೇಲೆ, ಆಕಾಶದಲ್ಲಿ. ಕ್ಯಾಮೆರಾ ಹತ್ತು ಡಿಗ್ರಿ ಕೆಳಗೆ ನೋಡುತ್ತಿದ್ದರಿಂದ ದಿಗಂತ ಮೇಲಿನಿಂದ ಸುಮಾರು ಸಾವಿರದ ಪಿಕ್ಸೆಲಿನಲ್ಲಿತ್ತು. ಮೇಲಿನ 300 ಸಾಲು ತೆಗೆದಿದ್ದರೆ ಬರೀ ಮೋಡ ಹೋಗುತ್ತಿತ್ತು, ಯಾರ ಮನೆಯೂ ಹೋಗುತ್ತಿರಲಿಲ್ಲ. ಕೇರಿಯನ್ನು ತೆಗೆದದ್ದು ರೆಕ್ಕೆಯಲ್ಲ, 4:3 ಎಂಬ ಬೀಗ. ಅಂದರೆ ಅಂಗಡಿಯ ರೆಡಿಮೇಡ್ ಕಟ್ಟಿನ ಅಳತೆ. ನಾನು ಗೆಳೆಯನಿಗೆ ಹೇಳಿದ ಕಾರಣವೇ ತಪ್ಪು.

ಹಾಗಾದರೆ ಕತ್ತರಿಸುವ ಬದಲು ಕಲೆಯ ಮೇಲೆ ಪಕ್ಕದ ಆಕಾಶ ತೇಪೆ ಹಾಕಿದ್ದರೆ? 2010ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಸ್ಟೆಪಾನ್ ರೂಡಿಕ್ ಎಂಬ ಛಾಯಾಗ್ರಾಹಕನಿಗೆ ಬಂದಿದ್ದ ಬಹುಮಾನ ವಾಪಸ್ ಹೋಯಿತು. ಕಾರಣ, ಚಿತ್ರದಲ್ಲಿ ಕಾಣುತ್ತಿದ್ದ ಯಾರದೋ ಕಾಲಿನ ಒಂದು ತುಣುಕನ್ನು ಆತ ಅಳಿಸಿದ್ದ. ವಿಚಿತ್ರ ಅಂದರೆ, ಅದೇ ಚಿತ್ರದ ಬಹುಪಾಲನ್ನು ಆತ ಕ್ರಾಪ್ ಮಾಡಿ ಎಸೆದಿದ್ದ, ಅದಕ್ಕೆ ತಕರಾರು ಇರಲಿಲ್ಲ. ಇದರ ಹಿಂದಿನ ತರ್ಕ ನನಗೆ ಅರ್ಥವಾಗುತ್ತೆ. ಅಳಿಸಿದರೆ, ಇದ್ದ ಜಾಗದಲ್ಲಿ ಇಲ್ಲದ್ದನ್ನು ತೋರಿಸಿದಂತೆ. ಕತ್ತರಿಸಿದರೆ, ಉಳಿದದ್ದೆಲ್ಲ ನಿಜವೇ. ಸುದ್ದಿಚಿತ್ರಕ್ಕೆ ಈ ನಿಯಮ ಬೇಕು.

ಆದರೆ ನನ್ನ ಫೋಟೋಕ್ಕೆ ಈ ನಿಯಮ ಹಿಡಿದು ನೋಡಿ. ಮೋಡಕ್ಕೆ ತೇಪೆ ಹಾಕಿದ್ದರೆ ನಾನು ತಪ್ಪಿತಸ್ಥ, ಊರು ಪೂರ್ತಿ ಇರುತ್ತಿತ್ತು. ಕತ್ತರಿಸಿದ್ದರಿಂದ ನಾನು ಪ್ರಾಮಾಣಿಕ, ಕೇರಿ ಇಲ್ಲ. ಚಿತ್ರದೊಳಗಿನ ಒಂದೊಂದು ಪಿಕ್ಸೆಲ್ಲೂ ನಿಜ, "ನಮ್ಮ ಊರು" ಎಂಬ ಶೀರ್ಷಿಕೆ ಸುಳ್ಳು. ಅಳಿಸಿದ್ದಕ್ಕೆ ಗುರುತು ಉಳಿಯಬಹುದು, ಹುಡುಕುವವರು ಹುಡುಕುತ್ತಾರೆ. ಕತ್ತರಿಸಿದ್ದನ್ನು ಕಂಡುಹಿಡಿಯಲು ಅಲ್ಲಿ ಮನೆ ಇರುವವನೇ ಬರಬೇಕು. ಅಂಚು ಎಲ್ಲಿಗೆ ನಿಲ್ಲಬೇಕು ಅನ್ನುವುದು ಅಳತೆಯ ಪ್ರಶ್ನೆಯಷ್ಟೇ ಅಂದುಕೊಂಡಿದ್ದೆ. ಅಂಚಿನಲ್ಲಿ ಯಾರನ್ನು ಇಟ್ಟಿದ್ದೇವೆ ಅನ್ನುವುದು ಮೊದಲೇ ತೀರ್ಮಾನವಾಗಿರುವ ಊರಿನಲ್ಲಿ ಅದು ಬರೀ ಅಳತೆಯ ಪ್ರಶ್ನೆಯಲ್ಲ. ನಾನು ಬೇಕೆಂದು ಮಾಡಲಿಲ್ಲ, ನಿಜ. ಆದರೆ ಸೇವ್ ಮಾಡುವ ಮುಂಚೆ ಎಡಗಡೆ ಒಮ್ಮೆಯೂ ನೋಡಲಿಲ್ಲ. ನಮ್ಮ ಮನೆ ನಟ್ಟನಡುವೆ ಇತ್ತಲ್ಲ, ಯಾಕೆ ನೋಡುತ್ತೇನೆ?

ಮೂಲ ಫೈಲ್ ಉಳಿಸಿಕೊಂಡಿದ್ದೆ, ಪುಣ್ಯ. ಬೀಗ ತೆಗೆದು ಮೇಲಿನ 300 ಮಾತ್ರ ಕತ್ತರಿಸಿದೆ: 4000 × 2700. ಕಟ್ಟಿನ ಅಂಗಡಿಯವರು "ಆ ಸೈಜು ಬರಲ್ಲ ಸಾರ್" ಅಂದರು. 12 ಇಂಚು ಅಗಲಕ್ಕೆ ಎತ್ತರ 8.1 ಇಂಚು ಬರುತ್ತಿತ್ತು. ಒಳಗೆ ಬಿಳಿ ಮೌಂಟ್ ಪಟ್ಟಿ ಕೊಟ್ಟು ಹಳೆಯ ಕಟ್ಟಿನಲ್ಲೇ ಕೂರಿಸಿ ಅಂದೆ. ಕೂರಿಸಿದರು.

ಈಗ ಗಾಳಿ ಇದ್ದಾಗ ಹಾರಿಸಿದರೆ ಕ್ಯಾಮೆರಾವನ್ನು ಇನ್ನೈದು ಡಿಗ್ರಿ ಕೆಳಕ್ಕೆ ಮಾಡಿ, ಗಾಳಿ ತಗ್ಗಿದಾಗ ಮೂರು ನಾಲ್ಕು ಸಲ ಒತ್ತುತ್ತೇನೆ. ಒಂದಾದರೂ ಶುದ್ಧವಾಗಿ ಬರುತ್ತೆ. ಆಗದಿದ್ದರೆ ಮೂಲೆಯಲ್ಲಿ ರೆಕ್ಕೆಯ ತುದಿ ಇದ್ದರೆ ಇರಲಿ. ನೋಡುತ್ತಿರುವುದು ಯಾರೋ ಹಾರಿಸಿದ ಯಂತ್ರ ಅಂತ ಗೊತ್ತಾದರೆ ನಷ್ಟವೇನಿಲ್ಲ.

ಸಂಕ್ರಾಂತಿಗೆ ಹೊಸ ಪ್ರಿಂಟ್ ಒಯ್ದು ಶಾಲೆಯಲ್ಲಿ ಬದಲಾಯಿಸಿದೆ. ಗೆಳೆಯನಿಗೂ ಒಂದು ಪ್ರತಿ ಕೊಟ್ಟು, ಅವತ್ತು ಹೇಳಿದ ಕಾರಣ ತಪ್ಪು ಅಂತಲೂ ಹೇಳಿದೆ. ಅವನು ಎಡಗಡೆ ಕಣ್ಣು ಹಾಯಿಸಿ, "ನಮ್ಮನೆ ಮೇಲೆ ಟಾರ್ಪಾಲು ಇನ್ನೂ ಹಂಗೇ ಐತೆ ನೋಡು" ಅಂದ. ಜೂಮ್ ಇಲ್ಲದ ಕಾಗದದ ಮೇಲೆ ಅದು ಒಂದು ನೀಲಿ ಚುಕ್ಕಿ.